ಇಬ್ಬರ ಅಂಗಡಿ ಒಬ್ಬರದಾಗುವಾಗ: ಪಾಲುದಾರಿಕೆ ವಿಸರ್ಜನಾ ಪತ್ರ ಬರೆಯುವ ಬಗೆ

‘ನಾವಿಬ್ಬರೂ ರಾಜಿ ಖುಷಿಯಿಂದ ಬೇರೆ ಆಗ್ತಿದ್ದೇವ್ರಿ, ಜಗಳ ಏನಿಲ್ಲ. ಒಂದು ನಮೂನೆ ಪತ್ರ ಇದ್ದರ ಕೊಡ್ರಿ.’ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಂಗಡಿಕಾರರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಮೂನೆ ಕೊಡುವುದು ಕಷ್ಟವಲ್ಲ, ಈ ಲೇಖನದಲ್ಲೂ ಇದೆ. ಆದರೆ ಪತ್ರ ಎರಡು ಪುಟದ್ದು; ಅದರ ಜೀವ ಇರುವುದು ಹಿಂದೆ ಲಗತ್ತಿಸುವ ಮೂರು ಪಟ್ಟಿಗಳಲ್ಲಿ: ಮಾಲು, ಉದ್ರಿ, ಕೊಡಬೇಕಾದ ಬಾಕಿ. ಪಟ್ಟಿ ಇಲ್ಲದೆ ‘ಲೆಕ್ಕ ಎಲ್ಲ ಚುಕ್ತಾ ಆಗಿದೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿದವರೇ ವರ್ಷ ಕಳೆದ ಮೇಲೆ ವಕೀಲರ ಬಾಗಿಲು ಹತ್ತುವುದು.

ಇಲ್ಲಿ ಒಂದೇ ಬಗೆಯ ಪ್ರಕರಣ ನೋಡೋಣ. ಇಬ್ಬರು ಪಾಲುದಾರರು, ಬಾಡಿಗೆ ಮಳಿಗೆಯಲ್ಲಿ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ, ಇಬ್ಬರ ಒಪ್ಪಿಗೆಯಿಂದ ವಿಸರ್ಜನೆ. ಒಬ್ಬರು ಅಂಗಡಿ ಮುಂದುವರಿಸುತ್ತಾರೆ, ಇನ್ನೊಬ್ಬರು ದುಡ್ಡು ತೆಗೆದುಕೊಂಡು ಹೊರಬರುತ್ತಾರೆ. ಅವರನ್ನು ‘ಉಳಿಯುವವರು’, ‘ಹೊರಡುವವರು’ ಎಂದು ಕರೆಯುತ್ತೇನೆ. ಪಾಲುದಾರಿಕೆ ಹೆಸರಿನಲ್ಲಿ ಸ್ವಂತ ಜಾಗ, ಕಟ್ಟಡ ಇದ್ದರೆ ಸ್ಟ್ಯಾಂಪ್ ಶುಲ್ಕದ ಲೆಕ್ಕವೇ ಬೇರೆ. ಆಗ ಈ ನಮೂನೆ ನಂಬಿ ಕೂರಬೇಡಿ, ವಕೀಲರಿಂದಲೇ ಬರೆಸಿ.

ಮೊದಲು ಕೈಯಲ್ಲಿ ಇರಬೇಕಾದ ಕಾಗದ

ಪಾಲುದಾರಿಕೆ ಕರಾರು ಪತ್ರ, ಫರ್ಮ್ ನೋಂದಣಿ ಆಗಿದ್ದರೆ ಅದರ ಪ್ರತಿ, ಮೂರು ವರ್ಷದ ಲೆಕ್ಕಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಚಾಲ್ತಿಯಲ್ಲಿರುವ ಸಾಲದ ಮಂಜೂರಾತಿ ಪತ್ರ. ಇವುಗಳಲ್ಲಿ ಕರಾರು ಪತ್ರವನ್ನು ಮೊದಲು ಓದಿ. ಲಾಭದ ಪ್ರಮಾಣ ಎಷ್ಟು, ಬಿಡುವಾಗ ಎಷ್ಟು ತಿಂಗಳ ನೋಟಿಸ್ ಕೊಡಬೇಕು, ಅಂಗಡಿ ಹೆಸರು ಯಾರಿಗೆ ಸೇರಬೇಕು ಎಂಬುದು ಅದರಲ್ಲೇ ಬರೆದಿರಬಹುದು. ಕರಾರು ಬಾಯಿಮಾತಿನದಾಗಿದ್ದರೆ ಕಾನೂನು ಲಾಭ ನಷ್ಟ ಎರಡನ್ನೂ ಸಮಪಾಲು ಎಂದೇ ಹಿಡಿಯುತ್ತದೆ. ನಿಮ್ಮ ನಡುವೆ ಬೇರೆ ಪ್ರಮಾಣ ನಡೆದಿದ್ದರೆ ಈ ಪತ್ರದಲ್ಲೇ ಅದನ್ನು ಇಬ್ಬರೂ ಒಪ್ಪಿ ಬರೆದುಬಿಡಿ.

1. ತಲೆಬರಹ ಸರಿ ಇಡಿ: ಇದು ‘ನಿವೃತ್ತಿ’ ಅಲ್ಲ, ‘ವಿಸರ್ಜನೆ’

ಟೈಪಿಂಗ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ‘ಪಾಲುದಾರರ ನಿವೃತ್ತಿ ಪತ್ರ’ದ ನಮೂನೆ. ಮೂರು ಜನರಿದ್ದು ಒಬ್ಬರು ಹೊರಬಂದರೆ ಅದು ಸರಿ. ಇಬ್ಬರೇ ಇದ್ದು ಒಬ್ಬರು ಹೊರಬಂದರೆ ಉಳಿಯುವುದು ಒಬ್ಬರು. ಒಬ್ಬರೇ ಸೇರಿ ಪಾಲುದಾರಿಕೆ ಆಗುವುದಿಲ್ಲ. ಅಲ್ಲಿಗೆ ಫರ್ಮೇ ಮುಗಿಯಿತು. ಇದು ಹೆಸರಿನ ವ್ಯತ್ಯಾಸ ಮಾತ್ರವಲ್ಲ. ಫರ್ಮ್ ಮುಗಿದರೆ ಅದರ ಪ್ಯಾನ್ ಮುಗಿಯುತ್ತದೆ, ಪ್ಯಾನ್ ಮೇಲೆ ನಿಂತ ಜಿಎಸ್‌ಟಿ ನಂಬರೂ ಮುಗಿಯುತ್ತದೆ. ‘ನಿವೃತ್ತಿ’ ಎಂದು ಬರೆದು ಹಳೆಯ ಜಿಎಸ್‌ಟಿ ನಂಬರಿನಲ್ಲೇ ಬಿಲ್ ಹಾಕುತ್ತ ಹೋದರೆ ಇಲ್ಲದ ಫರ್ಮ್ ಹೆಸರಲ್ಲಿ ವ್ಯಾಪಾರ ಮಾಡಿದಂತೆ, ಅದರ ತೆರಿಗೆ ಹೊರಬಂದವರ ತಲೆಗೂ ಸುತ್ತಿಕೊಳ್ಳುತ್ತದೆ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 40ನೇ ಕಲಮಿನ ಪ್ರಕಾರ ಎಲ್ಲ ಪಾಲುದಾರರ ಒಪ್ಪಿಗೆಯಿಂದ ವಿಸರ್ಜನೆ ಮಾಡಬಹುದು. ಒಬ್ಬರು ಒಪ್ಪದಿದ್ದರೆ, ಕರಾರಿನಲ್ಲಿ ಅವಧಿಯಾಗಲಿ ಮುಗಿಸುವ ಬಗೆಯಾಗಲಿ ಹೇಳಿರದಿದ್ದರೆ, 43ನೇ ಕಲಮಿನಡಿ ಲಿಖಿತ ನೋಟಿಸ್ ಕೊಟ್ಟೂ ಮುಗಿಸಬಹುದು. ಆದರೆ ನೋಟಿಸ್ ಫರ್ಮನ್ನು ಮುಗಿಸುತ್ತದೆ, ಲೆಕ್ಕವನ್ನು ಮುಗಿಸುವುದಿಲ್ಲ. ಲೆಕ್ಕಕ್ಕೆ ಇಬ್ಬರೂ ಕೂರಲೇಬೇಕು.

2. ಕಡೆಯ ದಿನ ಗೊತ್ತು ಮಾಡಿ

ಇದಕ್ಕೆ ‘ವಿಸರ್ಜನೆಯ ದಿನ’ ಎನ್ನುತ್ತಾರೆ. ಆ ಸಂಜೆ ಗಲ್ಲಾ ಮುಚ್ಚುವವರೆಗಿನದು ಇಬ್ಬರದು, ಮರುದಿನದಿಂದ ಉಳಿಯುವವರದು.

ನಮ್ಮ ಕಡೆ ಇನ್ನೂ ಎಷ್ಟೋ ಅಂಗಡಿಗಳಲ್ಲಿ ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ವಹಿ ತೆರೆಯುತ್ತಾರೆ. ಹಾಗಾಗಿ ಬೇರೆಯಾಗುವುದನ್ನೂ ದೀಪಾವಳಿಗೆ ಇಟ್ಟುಕೊಳ್ಳುತ್ತಾರೆ. ಮನಸ್ಸಿಗೆ ಅದು ಹಿತ, ಲೆಕ್ಕಕ್ಕೆ ತ್ರಾಸ. ತೆರಿಗೆಯ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಸಾಧ್ಯವಿದ್ದರೆ ಅದೇ ದಿನ ಇಡಿ. ಆಗದಿದ್ದರೆ ಯಾವುದಾದರೂ ತಿಂಗಳ ಕಡೆಯ ದಿನವಾದರೂ ಇರಲಿ. ತಿಂಗಳ ನಡುವೆ ಕಡಿದರೆ ಒಂದೇ ತಿಂಗಳ ಜಿಎಸ್‌ಟಿ, ಬಾಡಿಗೆ, ಪಗಾರ ಎಲ್ಲವನ್ನೂ ಹರಿದು ಹಂಚಬೇಕಾಗುತ್ತದೆ.

ಒಂದು ಎಚ್ಚರಿಕೆ: ವಿಸರ್ಜನೆಯ ದಿನ ಬೇರೆ, ಸಹಿ ಹಾಕುವ ದಿನ ಬೇರೆ ಇರಬಹುದು, ಪತ್ರದಲ್ಲಿ ಎರಡನ್ನೂ ಬರೆಯಿರಿ. ಲೆಕ್ಕ ಕೇಳಿ ದಾವೆ ಹೂಡಲು ಇರುವ ಮೂರು ವರ್ಷದ ಗಡುವು ಎಣಿಕೆಯಾಗುವುದು ವಿಸರ್ಜನೆಯ ದಿನದಿಂದ, ಸಹಿಯ ದಿನದಿಂದಲ್ಲ.

3. ಮಾಲಿನ ಪಟ್ಟಿ

ಎರಡು ದಿನ ಬಾಗಿಲು ಹಾಕಿ ಎಣಿಸಿ. ಗಿರಾಕಿಗಳ ನಡುವೆ ಎಣಿಸಿದ ಮಾಲು ಎಂದೂ ತಾಳೆಯಾಗುವುದಿಲ್ಲ. ಇಬ್ಬರ ಕಡೆಯಿಂದ ಒಬ್ಬೊಬ್ಬರು ಇರಲಿ; ಒಬ್ಬರು ಎಣಿಸಿ ಕೂಗುವುದು, ಇನ್ನೊಬ್ಬರು ಬರೆಯುವುದು. ಎಣಿಸಿದ ಕಪಾಟಿಗೆ ಸೀಮೆಸುಣ್ಣದ ಗೀಟು ಹಾಕಿ, ಇಲ್ಲದಿದ್ದರೆ ಅದೇ ಡಬ್ಬಗಳು ಎರಡು ಸಲ ಪಟ್ಟಿಗೆ ಬರುತ್ತವೆ. ಮೊಳೆ, ತಂತಿ, ಸರಳು ತೂಕದಲ್ಲಿ. ಪೈಪು, ಫಿಟ್ಟಿಂಗ್ ಸಂಖ್ಯೆಯಲ್ಲಿ. ಪೇಂಟ್ ಡಬ್ಬದ ಅಳತೆಯಲ್ಲಿ. ಗೋದಾಮಿನದು, ಮಿಸ್ತ್ರಿಗಳ ಹತ್ತಿರ ಹೋಗಿ ಇನ್ನೂ ಬಿಲ್ ಆಗದೇ ಇರುವುದು, ಕಂಪನಿಗೆ ವಾಪಸ್ ಕಳಿಸಲು ತೆಗೆದಿಟ್ಟದ್ದು ಪ್ರತ್ಯೇಕ ಹಾಳೆಯಲ್ಲಿ.

ಬೆಲೆ ಹಾಕುವಾಗ ಮೂರು ಕಡೆ ಎಡವುತ್ತಾರೆ. ಒಂದು, ಡಬ್ಬದ ಮೇಲಿನ ಎಂಆರ್‌ಪಿ ಹಿಡಿಯುವುದು. ಹಿಡಿಯಬೇಕಾದದ್ದು ಕೊನೆಯ ಖರೀದಿ ಬಿಲ್ಲಿನ ದರ. ಎರಡು, ಆ ದರಕ್ಕೆ ಜಿಎಸ್‌ಟಿ ಸೇರಿಸಿಬಿಡುವುದು. ಖರೀದಿಯ ತೆರಿಗೆಯನ್ನು ಜಿಎಸ್‌ಟಿಯಲ್ಲಿ ಈಗಾಗಲೇ ವಜಾ ಮಾಡಿಕೊಂಡಿದ್ದರೆ (ಇದಕ್ಕೆ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ) ಆ ದುಡ್ಡು ಒಮ್ಮೆ ಫರ್ಮಿಗೆ ಬಂದಾಗಿದೆ, ಮಾಲಿನ ಬೆಲೆಯಲ್ಲಿ ಮತ್ತೆ ಎಣಿಸಬಾರದು. ಮೂರು, ಸತ್ತ ಮಾಲು. ಅವಧಿ ಮೀರಿದ ಪೇಂಟ್, ಗಟ್ಟಿಯಾದ ಪುಟ್ಟಿ ಚೀಲ, ತುಕ್ಕು ಹಿಡಿದ ಕೊಂಡಿ, ಯಾರೂ ಕೇಳದ ಹಳೆಯ ಬಣ್ಣ. ಇದಕ್ಕೆ ಪೂರಾ ಬೆಲೆ ಹಾಕಿದರೆ ಉಳಿಯುವವರಿಗೆ ಲುಕ್ಸಾನು, ಸೊನ್ನೆ ಹಾಕಿದರೆ ಹೊರಡುವವರಿಗೆ ಅನ್ಯಾಯ. ಡಬ್ಬ ಅಲುಗಾಡಿಸಿ, ಮುಚ್ಚಳ ತೆಗೆದು ನೋಡಿ, ಅಲ್ಲೇ ನಿಂತು ಒಂದೊಂದಕ್ಕೆ ಬೆಲೆ ಒಪ್ಪಿಕೊಳ್ಳಿ. ಒಪ್ಪದಿದ್ದರೆ ಆ ಮಾಲನ್ನು ಲಾಭದ ಪ್ರಮಾಣದಲ್ಲಿ ಡಬ್ಬ ಲೆಕ್ಕಕ್ಕೇ ಹಂಚಿಕೊಂಡುಬಿಡಿ.

ಪಟ್ಟಿಯ ಪ್ರತಿ ಹಾಳೆಗೆ ಇಬ್ಬರ ಸಹಿ ಬೇಕು, ಕಡೆಯ ಹಾಳೆಗೆ ಮಾತ್ರ ಸಾಲದು. ನಡುವಿನ ಹಾಳೆ ಬದಲಾಗುವುದು ನೀವು ನೆನೆಸಿದ್ದಕ್ಕಿಂತ ಸುಲಭ.

4. ಉದ್ರಿ ಪಟ್ಟಿ

ಗಿರಾಕಿಯ ಹೆಸರು, ಬಾಕಿ, ಕಡೆಯ ಖರೀದಿಯ ದಿನ, ಕಡೆಯ ಸಲ ದುಡ್ಡು ಕೊಟ್ಟ ದಿನ. ಈ ನಾಲ್ಕು ಕಾಲಮ್ ಸಾಕು. ಕಡೆಯ ಎರಡು ದಿನಾಂಕ ಏಕೆಂದರೆ ಉದ್ರಿಗೆ ಕೋರ್ಟಿನಲ್ಲಿ ಮೂರು ವರ್ಷದ ಆಯುಷ್ಯ. ಆ ಅವಧಿ ಮುಗಿಯುವುದರೊಳಗೆ ಗಿರಾಕಿ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಸಹಿಯ ದಿನದಿಂದ ಮತ್ತೆ ಮೂರು ವರ್ಷ. ಆದ್ದರಿಂದ ದೊಡ್ಡ ಬಾಕಿಯ ಗುತ್ತೇದಾರರಿಂದ ವಹಿಯ ಆ ಪುಟದಲ್ಲೇ ಸಹಿ ಮಾಡಿಸಿಕೊಳ್ಳಿ. ಅಂಗಡಿ ಒಡೆಯುವ ಸುದ್ದಿ ಬಜಾರಿಗೆ ಮುಟ್ಟುವ ಮುಂಚೆ ಈ ಕೆಲಸ ಆಗಬೇಕು. ಸುದ್ದಿ ಮುಟ್ಟಿದ ಮೇಲೆ ‘ನಾ ಅವ್ರಿಗೆ ಕೊಟ್ಟಿನಲ್ರೀ’ ಎನ್ನುವ ಮಾತು ಶುರುವಾಗುತ್ತದೆ.

ಪಟ್ಟಿಯನ್ನು ಎರಡಾಗಿ ಒಡೆಯಿರಿ: ‘ಅ’ ಭಾಗ ಬರುವ ಉದ್ರಿ, ‘ಬ’ ಭಾಗ ಬರುವುದು ಗ್ಯಾರಂಟಿ ಇಲ್ಲದ ಉದ್ರಿ. ಮೊದಲನೆಯದನ್ನು ಉಳಿಯುವವರು ಪೂರಾ ಬೆಲೆಗೆ ತೆಗೆದುಕೊಳ್ಳಲಿ, ಅಂಗಡಿ ನಡೆಸುವವರಿಗೆ ವಸೂಲಿ ಸುಲಭ. ಎರಡನೆಯದನ್ನು ಲೆಕ್ಕಕ್ಕೇ ಸೇರಿಸಬೇಡಿ. ‘ಬಂದಂತೆ ಲಾಭದ ಪ್ರಮಾಣದಲ್ಲಿ ಹಂಚಿಕೊಳ್ಳುವುದು’ ಎಂದು ಬರೆದು ಒಂದು ಗಡುವು ಹಾಕಿ. ಎಲ್ಲ ಉದ್ರಿಯನ್ನೂ ಪೂರಾ ಬೆಲೆಗೆ ಹಿಡಿದು ಹೊರಡುವವರ ಪಾಲು ದೊಡ್ಡದು ಮಾಡಿ ತೋರಿಸುವುದೇ ಹೆಚ್ಚಿನ ಜಗಳಗಳ ಮೂಲ.

5. ಕೊಡಬೇಕಾದ ಬಾಕಿಯ ಪಟ್ಟಿ

ಮೂರೂ ಪಟ್ಟಿಗಳಲ್ಲಿ ಇದಕ್ಕೆ ಹೆಚ್ಚು ಹೊತ್ತು ಕೊಡಿ. ಕಾರಣ ನೇರವಾಗಿದೆ: ನಿಮ್ಮ ಪತ್ರ ನಿಮ್ಮಿಬ್ಬರನ್ನು ಮಾತ್ರ ಕಟ್ಟುತ್ತದೆ, ಸಾಲ ಕೊಟ್ಟವರನ್ನು ಕಟ್ಟುವುದಿಲ್ಲ. ‘ಎಲ್ಲ ಬಾಕಿ ಉಳಿಯುವವರು ತೀರಿಸತಕ್ಕದ್ದು’ ಎಂದು ಬರೆದಿದ್ದರೂ ಹೈದರಾಬಾದಿನ ಹೋಲ್‌ಸೇಲ್ ವ್ಯಾಪಾರಿ ಹೊರಬಂದವರ ಮನೆಗೇ ಬಂದು ಪೂರಾ ದುಡ್ಡು ಕೇಳಬಹುದು. ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ಣವಾಗಿ ಹೊಣೆ. ಕೊಟ್ಟಮೇಲೆ ಪತ್ರ ಹಿಡಿದುಕೊಂಡು ಉಳಿದವರಿಂದ ವಸೂಲಿ ಮಾಡಿಕೊಳ್ಳಬೇಕಷ್ಟೇ.

ಸಪ್ಲೈಯರುಗಳ ಬಾಕಿಗೆ ನಿಮ್ಮ ವಹಿಯನ್ನಷ್ಟೇ ನಂಬಬೇಡಿ, ಅವರಿಂದಲೂ ಖಾತೆಯ ಉತಾರು ತರಿಸಿ ತಾಳೆ ನೋಡಿ. ಮುಂದಿನ ತಾರೀಕಿನ ಚೆಕ್ ಕೊಟ್ಟಿದ್ದರೆ ಚೆಕ್ ನಂಬರ್ ಸಮೇತ ಬರೆಯಿರಿ. ಅವು ಪಾಸಾಗುವ ಮುಂಚೆ ಫರ್ಮಿನ ಖಾತೆ ಮುಚ್ಚಿದರೆ ಚೆಕ್ ವಾಪಸ್ ಬರುತ್ತದೆ, ಕೇಸು ಬೀಳುವುದು ಸಹಿ ಹಾಕಿದವರ ಮೇಲೆ. ಸಹಿ ಹೊರಬಂದವರದೇ ಇರಬಹುದು.

ಬ್ಯಾಂಕಿನ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಇದ್ದರೆ ಮಂಜೂರಾತಿ ಪತ್ರ ತೆಗೆದು ಜಾಮೀನು ಯಾರದು, ಯಾರ ಮನೆ ಅಡವಿದೆ ನೋಡಿ. ಹೊರಡುವವರ ಮನೆ ಅಡವಿದ್ದರೆ ಸಹಿ ಹಾಕುವ ಮುಂಚೆಯೇ ಅದು ಬಿಡುಗಡೆಯಾಗಬೇಕು. ಸುಲಭದ ದಾರಿ ಎಂದರೆ ಉಳಿಯುವವರು ತಮ್ಮ ಹೆಸರಲ್ಲಿ ಹೊಸ ಸಾಲ ಮಾಡಿ ಹಳೆಯದನ್ನು ತೀರಿಸುವುದು. ಬ್ಯಾಂಕಿನವರು ಬಾಯಲ್ಲಿ ‘ಆಯ್ತು ಬಿಡ್ರಿ’ ಅಂದದ್ದು ಲೆಕ್ಕಕ್ಕಿಲ್ಲ; ಬಾಕಿ ಇಲ್ಲವೆಂಬ ಪತ್ರ, ಜಾಮೀನು ಬಿಡುಗಡೆಯ ಪತ್ರ, ಅಡವಿಟ್ಟ ಮೂಲ ದಾಖಲೆ ಮೂರೂ ಕೈಗೆ ಬರಬೇಕು.

ಉಳಿದವು ಸಣ್ಣವು: ಆ ತಿಂಗಳ ಜಿಎಸ್‌ಟಿ, ಬಾಡಿಗೆ, ಜೆಸ್ಕಾಂ ಬಿಲ್ಲು, ಕೆಲಸದವರ ಪಗಾರ ಮತ್ತು ಬಾಕಿ ಬೋನಸ್, ಲೆಕ್ಕ ಬರೆಯುವವರ ಫೀ.

6. ಲೆಕ್ಕ ಹಾಕುವ ಕ್ರಮ

ಕಾಯ್ದೆಯ 48ನೇ ಕಲಮು ಕ್ರಮವನ್ನು ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಹೊರಗಿನವರ ಸಾಲ. ಆಮೇಲೆ ಪಾಲುದಾರರು ಬಂಡವಾಳವಲ್ಲದೆ ಕೈಗಡವಾಗಿ ಫರ್ಮಿಗೆ ಕೊಟ್ಟ ದುಡ್ಡು. ಆಮೇಲೆ ಬಂಡವಾಳ. ಮಿಕ್ಕಿದ್ದು ಲಾಭದ ಪ್ರಮಾಣದಲ್ಲಿ.

ನಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಲಾಭದ ಪ್ರಮಾಣ ಉಳಿಯುವವರಿಗೆ 60, ಹೊರಡುವವರಿಗೆ 40. ಬಂಡವಾಳ ಉಳಿಯುವವರದು 4,00,000, ಹೊರಡುವವರದು 3,00,000. ಇದಲ್ಲದೆ ಹೊರಡುವವರು ಒಮ್ಮೆ ಮಾಲಿಗೆ ಅಡಚಣೆಯಾದಾಗ 1,00,000 ಕೈಗಡ ಕೊಟ್ಟಿದ್ದಾರೆ.

ಎಣಿಸಿದಾಗ ಮಾಲು 9,20,000 ಆಯಿತು, ಸತ್ತ ಮಾಲಿಗೆ 70,000 ಕಳೆದು 8,50,000. ಕಪಾಟು, ಪೇಂಟ್ ಕಲೆಸುವ ಯಂತ್ರ, ತಕ್ಕಡಿ, ಕಂಪ್ಯೂಟರ್ ಸೇರಿ 1,40,000. ಉದ್ರಿ ವಹಿಯಲ್ಲಿ 4,60,000. ಅದರಲ್ಲಿ ಬರುವುದು 3,20,000, ಗ್ಯಾರಂಟಿ ಇಲ್ಲದ್ದು 1,40,000. ಬ್ಯಾಂಕ್ ಮತ್ತು ರೋಕಡ್ 1,20,000. ಮಳಿಗೆಯ ಡಿಪಾಸಿಟ್ 2,00,000. ಗ್ಯಾರಂಟಿ ಇಲ್ಲದ ಉದ್ರಿ ಬಿಟ್ಟು ಒಟ್ಟು 16,30,000.

ಕೊಡಬೇಕಾದದ್ದು: ಸಪ್ಲೈಯರುಗಳಿಗೆ 4,10,000, ಬ್ಯಾಂಕಿಗೆ 3,00,000, ಜಿಎಸ್‌ಟಿ 38,000, ಬಾಡಿಗೆ, ಕರೆಂಟು, ಪಗಾರ 32,000. ಒಟ್ಟು 7,80,000.

ಕಳೆದರೆ ಉಳಿದದ್ದು 8,50,000. ಅದರಲ್ಲಿ ಕೈಗಡದ 1,00,000 ಹೊರಡುವವರಿಗೆ. ಮಿಕ್ಕ 7,50,000ದಲ್ಲಿ ಇಬ್ಬರ ಬಂಡವಾಳ 7,00,000. ಕಡೆಗೆ ಉಳಿದ 50,000ದಲ್ಲಿ 30,000 ಉಳಿಯುವವರಿಗೆ, 20,000 ಹೊರಡುವವರಿಗೆ. ಹೊರಡುವವರಿಗೆ ಸಲ್ಲಬೇಕಾದದ್ದು 1,00,000 ಕೈಗಡ, 3,00,000 ಬಂಡವಾಳ, 20,000 ಲಾಭ, ಒಟ್ಟು 4,20,000. ಉಳಿಯುವವರ ಪಾಲು 4,30,000; ಅದು ಅಂಗಡಿಯ ರೂಪದಲ್ಲೇ ಅವರ ಹತ್ತಿರ ಇರುತ್ತದೆ.

ಸತ್ತ ಮಾಲಿಗೂ ಗ್ಯಾರಂಟಿ ಇಲ್ಲದ ಉದ್ರಿಗೂ ಪೂರಾ ಬೆಲೆ ಹಾಕಿದ್ದರೆ ಕಡೆಯ ಮೊತ್ತ 50,000ದ ಬದಲು 2,60,000 ಆಗುತ್ತಿತ್ತು, ಹೊರಡುವವರ ಪಾಲು 84,000 ಏರುತ್ತಿತ್ತು. ಆ 84,000 ಉಳಿಯುವವರ ಕಿಸೆಯಿಂದ ರೊಕ್ಕವಾಗಿ ಹೋಗಬೇಕು, ಬದಲಿಗೆ ಸಿಗುವುದು ಗಟ್ಟಿಯಾದ ಪುಟ್ಟಿ. 3 ಮತ್ತು 4ನೇ ಹಂತಕ್ಕೆ ಅಷ್ಟು ಹೊತ್ತು ಕೊಡಿ ಅಂದದ್ದು ಇದಕ್ಕೇ.

ನಷ್ಟ ಬಂದರೆ? ಇದೇ ಅಂಗಡಿಯ ಮಾಲು ಇನ್ನೂ 1,50,000 ಕಡಿಮೆ ಬಂತು ಅಂದುಕೊಳ್ಳಿ. ಆಗ ಕೈಗಡ ತೀರಿಸಿದ ಮೇಲೆ ಉಳಿಯುವುದು 6,00,000, ಬಂಡವಾಳಕ್ಕೆ 1,00,000 ಕೊರತೆ. ಈ ಕೊರತೆಯನ್ನು ಬಂಡವಾಳದ ಪ್ರಮಾಣದಲ್ಲಿ ಹಂಚಲು ಹೊರಡುತ್ತಾರೆ. ಅದು ತಪ್ಪು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ನಷ್ಟವೂ ಲಾಭದ ಪ್ರಮಾಣದಲ್ಲೇ: 60,000 ಮತ್ತು 40,000. ಬಂಡವಾಳವಾಗಿ ಉಳಿಯುವವರಿಗೆ 3,40,000, ಹೊರಡುವವರಿಗೆ 2,60,000.

7. ದುಡ್ಡು ಕೊಡುವ ಬಗೆ

ಲೆಕ್ಕದಲ್ಲಿ 4,20,000 ಬಂತೆಂದು ಅಷ್ಟೂ ರೊಕ್ಕ ಗಲ್ಲಾದಲ್ಲಿ ಇರುವುದಿಲ್ಲ, ಮಾಲಿನಲ್ಲೂ ಉದ್ರಿಯಲ್ಲೂ ಸಿಕ್ಕಿಕೊಂಡಿರುತ್ತದೆ. ಉದಾಹರಣೆಗೆ ಸಹಿಯ ದಿನ 1,20,000 ಬ್ಯಾಂಕ್ ಮೂಲಕ, ಉಳಿದ 3,00,000ಕ್ಕೆ ಎರಡೆರಡು ತಿಂಗಳಿಗೊಂದು 1,00,000ದ ಮೂರು ಚೆಕ್.

ಇಲ್ಲೊಂದು ಸಾಮಾನ್ಯ ತಪ್ಪು: ಚೆಕ್ಕುಗಳನ್ನು ಫರ್ಮಿನ ಚೆಕ್ ಪುಸ್ತಕದಿಂದಲೇ ಹರಿದು ಕೊಡುವುದು. ಆ ಖಾತೆ ಮುಚ್ಚಲಿದೆಯಲ್ಲ! ಚೆಕ್ ಉಳಿಯುವವರ ಸ್ವಂತ ಖಾತೆಯದ್ದಾಗಿರಬೇಕು, ನಂಬರು, ತಾರೀಕು ಪತ್ರದಲ್ಲಿ ಬರಬೇಕು. ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ವಾಪಸ್ ಬಂದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ‘ಪರಿಚಯದವ್ರು, ಮುಂದಿನ ತಿಂಗಳು ನೋಡೋಣ’ ಎಂದು ಕೂತರೆ ಆ ಚೆಕ್ಕಿನ ಬಲ ಹೋಯಿತು. ತಡವಾದರೆ ಬಡ್ಡಿ ಎಷ್ಟೆಂಬುದೂ ಪತ್ರದಲ್ಲಿರಲಿ.

8. ಪತ್ರ

ಇ-ಸ್ಟ್ಯಾಂಪ್ ಕಾಗದವನ್ನು ಇಬ್ಬರ ಹೆಸರಿನಲ್ಲಿ, ‘ಪಾಲುದಾರಿಕೆ ವಿಸರ್ಜನೆ’ ಎಂಬ ಉದ್ದೇಶಕ್ಕೆ, ಸಹಿಯ ದಿನಕ್ಕಿಂತ ಮುಂಚೆ ಅಥವಾ ಅದೇ ದಿನ ತೆಗೆದುಕೊಳ್ಳಿ. ಆಗಿನ ದರವನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ. ಬಾಂಡ್ ಕಡಿಮೆ ಬೆಲೆಯದಾದರೆ ಕೋರ್ಟು ದಂಡ ಕಟ್ಟಿಸಿಕೊಳ್ಳದೆ ಪತ್ರವನ್ನು ಸಾಕ್ಷಿಗೆ ತೆಗೆದುಕೊಳ್ಳುವುದಿಲ್ಲ. ಮಾತಿನ ಮುಖ್ಯ ಭಾಗ ಹೀಗಿರಲಿ:

> ಪಾಲುದಾರಿಕೆ ವಿಸರ್ಜನಾ ಪತ್ರ
>
> ಈ ಪತ್ರವನ್ನು ದಿನಾಂಕ ______ ರಂದು ಕಲಬುರಗಿಯಲ್ಲಿ ಶ್ರೀ ______ (ಇನ್ನು ಮುಂದೆ ‘ಮೊದಲನೇ ಪಕ್ಷಕಾರರು’) ಮತ್ತು ಶ್ರೀ ______ (ಇನ್ನು ಮುಂದೆ ‘ಎರಡನೇ ಪಕ್ಷಕಾರರು’) ಬರೆದುಕೊಂಡಿದ್ದೇವೆ.
>
> ನಾವಿಬ್ಬರೂ ದಿನಾಂಕ ______ ರ ಕರಾರಿನಂತೆ ‘______’ ಎಂಬ ಹೆಸರಿನಲ್ಲಿ, ಲಾಭ ನಷ್ಟದಲ್ಲಿ ಶೇ. 60 ಮತ್ತು ಶೇ. 40 ಪ್ರಮಾಣದಲ್ಲಿ ವ್ಯಾಪಾರ ನಡೆಸುತ್ತಿದ್ದೆವು. ಆ ಪಾಲುದಾರಿಕೆಯನ್ನು ಪರಸ್ಪರ ಒಪ್ಪಿಗೆಯಿಂದ ದಿನಾಂಕ ______ ರ ಸಂಜೆ ವ್ಯವಹಾರ ಮುಗಿದ ನಂತರದಿಂದ ವಿಸರ್ಜಿಸಿದ್ದೇವೆ.
>
> ಆ ದಿನದ ಮಾಲು ಮತ್ತು ಸಾಮಾನು ಪಟ್ಟಿ 1ರಲ್ಲಿ, ಬರಬೇಕಾದ ಉದ್ರಿ ಪಟ್ಟಿ 2ರಲ್ಲಿ, ಕೊಡಬೇಕಾದ ಬಾಕಿ ಪಟ್ಟಿ 3ರಲ್ಲಿ, ಅಂತಿಮ ಲೆಕ್ಕ ಪಟ್ಟಿ 4ರಲ್ಲಿ ಇದೆ. ಇವನ್ನು ಇಬ್ಬರೂ ನೋಡಿ, ತಾಳೆ ಮಾಡಿ, ಪ್ರತಿ ಹಾಳೆಗೆ ಸಹಿ ಮಾಡಿದ್ದೇವೆ. ಇವು ಈ ಪತ್ರದ ಭಾಗವೇ ಆಗಿವೆ.
>
> ಪಟ್ಟಿ 1ರ ಸ್ವತ್ತು, ಪಟ್ಟಿ 2ರ ‘ಅ’ ಭಾಗದ ಉದ್ರಿ, ನಗದು, ಬ್ಯಾಂಕ್ ಶಿಲ್ಕು, ಮಳಿಗೆಯ ಡಿಪಾಸಿಟ್ ಹಾಗೂ ಅಂಗಡಿಯ ಹೆಸರು ಮೊದಲನೇ ಪಕ್ಷಕಾರರಿಗೆ ಸೇರಿವೆ. ಪಟ್ಟಿ 3ರ ಎಲ್ಲ ಬಾಕಿಯನ್ನು ಅವರೇ ತೀರಿಸತಕ್ಕದ್ದು. ತೀರಿಸದೆ ಎರಡನೇ ಪಕ್ಷಕಾರರು ಕೊಡಬೇಕಾಗಿ ಬಂದಲ್ಲಿ ಆ ಮೊತ್ತವನ್ನು ಖರ್ಚು ಸಹಿತ ತುಂಬಿಕೊಡತಕ್ಕದ್ದು.
>
> ಪಟ್ಟಿ 2ರ ‘ಬ’ ಭಾಗದ ಉದ್ರಿಯನ್ನು ಮೊದಲನೇ ಪಕ್ಷಕಾರರು ವಸೂಲಿ ಮಾಡಿ, ಪ್ರತಿ ತಿಂಗಳ 10ರೊಳಗೆ ಶೇ. 40ರ ಪಾಲನ್ನು ಎರಡನೇ ಪಕ್ಷಕಾರರಿಗೆ ಕೊಡತಕ್ಕದ್ದು. ಈ ಏರ್ಪಾಡು ದಿನಾಂಕ ______ ರವರೆಗೆ ಮಾತ್ರ.
>
> ಎರಡನೇ ಪಕ್ಷಕಾರರಿಗೆ ಸಲ್ಲಬೇಕಾದ ರೂ. 4,20,000ದಲ್ಲಿ ಈ ದಿನ ರೂ. 1,20,000 ಬ್ಯಾಂಕ್ ಮೂಲಕ ಸಂದಿದೆ. ಉಳಿದ ರೂ. 3,00,000ಕ್ಕೆ ಚೆಕ್ ನಂ. ______, ______, ______ ಕೊಡಲಾಗಿದೆ. ತಡವಾದ ಮೊತ್ತಕ್ಕೆ ವಾರ್ಷಿಕ ಶೇ. ____ ಬಡ್ಡಿ ಕೂಡುತ್ತದೆ.
>
> ವಿಸರ್ಜನೆಯ ದಿನಕ್ಕಿಂತ ಹಿಂದಿನ ವ್ಯವಹಾರದ, ಪಟ್ಟಿ 3ರಲ್ಲಿ ಇಲ್ಲದ ಯಾವುದೇ ಬಾಕಿ ಅಥವಾ ತೆರಿಗೆ ಮುಂದೆ ಕಂಡುಬಂದಲ್ಲಿ ಶೇ. 60 ಮತ್ತು ಶೇ. 40ರಂತೆ ಇಬ್ಬರೂ ಭರಿಸತಕ್ಕದ್ದು. ಆ ದಿನದ ನಂತರದ್ದು ಮೊದಲನೇ ಪಕ್ಷಕಾರರದು ಮಾತ್ರ.
>
> ಲೆಕ್ಕದ ವಹಿಗಳು ಮೊದಲನೇ ಪಕ್ಷಕಾರರ ಬಳಿ ಇರುತ್ತವೆ. ಎರಡನೇ ಪಕ್ಷಕಾರರು ಕೇಳಿದಾಗ ತೋರಿಸಿ ನಕಲು ಕೊಡತಕ್ಕದ್ದು.

ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿದಾರರ ಸಹಿ ಮತ್ತು ವಿಳಾಸ. ಎರಡು ಮೂಲ ಪ್ರತಿ ಮಾಡಿ. ಜೆರಾಕ್ಸ್ ಇಟ್ಟುಕೊಂಡವರು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಒಬ್ಬರಿಗೆ ಉರ್ದು ಅಥವಾ ಮರಾಠಿ ಓದಲು ಬರುತ್ತದೆ, ಕನ್ನಡ ಮಾತಾಡಲು ಮಾತ್ರ ಬರುತ್ತದೆ ಎಂಬುದು ಅಪರೂಪವಲ್ಲ. ಅಂಥಲ್ಲಿ ಸಾಕ್ಷಿದಾರರ ಮುಂದೆ ಅವರ ಭಾಷೆಯಲ್ಲಿ ಓದಿ ಹೇಳಿ, ‘ಓದಿ ಹೇಳಿದ್ದನ್ನು ಕೇಳಿ ಅರ್ಥ ಮಾಡಿಕೊಂಡು ಸಹಿ ಮಾಡಿದ್ದೇನೆ’ ಎಂಬ ಸಾಲು ಸೇರಿಸಿ.

‘ಹೊರಡುವವರು ಪಕ್ಕದಲ್ಲೇ ಅಂಥದೇ ಅಂಗಡಿ ಹಾಕಬಾರದು’ ಎಂಬ ಷರತ್ತು ಬೇಕಿದ್ದರೆ ಎಷ್ಟು ದಿನ, ಯಾವ ಪ್ರದೇಶ ಎಂದು ಮಿತಿ ಹಾಕಿ. ‘ಎಂದೂ, ಎಲ್ಲೂ ಹಾಕಬಾರದು’ ಎಂದು ಬರೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

9. ಊರಿಗೆ ತಿಳಿಸುವುದು

ಸಹಿಯಾಯಿತೆಂದು ನಿಲ್ಲಬೇಡಿ. 45ನೇ ಕಲಮಿನ ಪ್ರಕಾರ ಸಾರ್ವಜನಿಕ ನೋಟಿಸ್ ಕೊಡುವವರೆಗೆ ಒಬ್ಬರು ಫರ್ಮ್ ಹೆಸರಲ್ಲಿ ಮಾಡಿದ ವ್ಯವಹಾರಕ್ಕೆ ಇನ್ನೊಬ್ಬರೂ ಹೊಣೆ. ಉಳಿಯುವವರು ಮೇ ತಿಂಗಳಲ್ಲಿ ಹಳೆಯ ಬಿಲ್ ಪುಸ್ತಕದ ಮೇಲೆ ಎರಡು ಲಕ್ಷದ ಮಾಲು ಉದ್ರಿ ತಂದರೆ, ವಿಸರ್ಜನೆಯ ಸುದ್ದಿ ಗೊತ್ತಿಲ್ಲದ ವ್ಯಾಪಾರಿ ಇಬ್ಬರನ್ನೂ ಹಿಡಿಯಬಹುದು. ಸಾರ್ವಜನಿಕ ನೋಟಿಸ್ ಎಂದರೆ ರಾಜ್ಯಪತ್ರದಲ್ಲಿ ಮತ್ತು ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಫರ್ಮ್ ನೋಂದಣಿಯಾಗಿದ್ದರೆ ಇದರ ಜೊತೆಗೆ ಫರ್ಮುಗಳ ರಿಜಿಸ್ಟ್ರಾರರಿಗೂ ತಿಳಿಸಬೇಕು. ಪತ್ರಿಕೆಯಲ್ಲಿ ಹಾಕಿ ರಾಜ್ಯಪತ್ರ ಬಿಡುವವರೇ ಹೆಚ್ಚು; ಅದು ಅರ್ಧ ಕೆಲಸ.

ಇದಲ್ಲದೆ ಪಟ್ಟಿ 3ರ ಪ್ರತಿಯೊಬ್ಬರಿಗೂ ಇಬ್ಬರ ಸಹಿಯ ಒಂದು ಪುಟದ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹೊರಬಂದವರ ಪಾಲಿಗೆ ಆ ರಸೀದಿಗಳು ಮೂಲ ಪತ್ರದಷ್ಟೇ ಮುಖ್ಯ.

10. ಜಿಎಸ್‌ಟಿ ಮತ್ತು ಖಾತೆ: ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ

ಹೆಚ್ಚಿನವರು ಮೊದಲು ಹಳೆಯ ನಂಬರ್ ರದ್ದು ಮಾಡಿಸಿ ಆಮೇಲೆ ಹೊಸದಕ್ಕೆ ಅರ್ಜಿ ಹಾಕುತ್ತಾರೆ. ಹಾಗೆ ಮಾಡಿದರೆ ಫರ್ಮಿನ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ಹೊಸ ನಂಬರಿಗೆ ದಾಟುವುದಿಲ್ಲ. ಸರಿಯಾದ ಕ್ರಮ ಹೀಗೆ: ಉಳಿಯುವವರು ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿ ಪಡೆಯಲಿ. ಫರ್ಮಿನ ಎಲ್ಲ ಬಾಕಿ ರಿಟರ್ನ್ ತುಂಬಲಿ. ನಂತರ ಪೋರ್ಟಲ್‌ನಲ್ಲಿ `ITC-02` ಮೂಲಕ ಕ್ರೆಡಿಟ್ ವರ್ಗಾಯಿಸಿ. ಇದಕ್ಕೆ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕು. ವ್ಯಾಪಾರ ಬಾಕಿಗಳ ಸಮೇತ ವರ್ಗಾವಣೆಯಾಗಿದೆ ಎಂಬ ಮಾತು ನಿಮ್ಮ ಪತ್ರದಲ್ಲಿ ಇರಲೇಬೇಕು, ಮೇಲಿನ ನಮೂನೆಯಲ್ಲಿ ಅದಿದೆ. ಹೊಸ ನಂಬರಿನಿಂದ ಅದನ್ನು ಒಪ್ಪಿಕೊಂಡ ಮೇಲೆ `REG-16`ರಲ್ಲಿ ಹಳೆಯದರ ರದ್ದತಿಗೆ ಅರ್ಜಿ. ರದ್ದತಿ ಅರ್ಜಿಗೆ 30 ದಿನದ ಗಡುವು ಇರುವುದರಿಂದ ಹೊಸ ನೋಂದಣಿಯ ಕೆಲಸವನ್ನು ವಿಸರ್ಜನೆಯ ದಿನಕ್ಕೆ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಿ. ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ `GSTR-10`. ಇದನ್ನು ಮರೆತು ನೋಟಿಸ್ ಬಂದಾಗ ಒಟಿಪಿ ಹೋಗುವುದು ಯಾರ ಮೊಬೈಲಿಗೆ ಎಂದು ಹುಡುಕುತ್ತಾರೆ. ಲಾಗಿನ್, ಮೊಬೈಲ್ ನಂಬರ್ ಯಾರದು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ತೆರಿಗೆ ಬಾಕಿ ಉಳಿದರೆ ಇಲಾಖೆ ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಜಿಎಸ್‌ಟಿ ಲೆಕ್ಕದ ವಹಿಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಬೇಕು. ಹೊರಬರುವವರು ಕಂಪ್ಯೂಟರಿನ ಲೆಕ್ಕದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಸಹಿಯ ದಿನವೇ ಒಯ್ಯುವುದು ಲೇಸು. ಆದಾಯ ತೆರಿಗೆಯಲ್ಲಿ ಫರ್ಮಿನ ಕಡೆಯ ರಿಟರ್ನ್ ತುಂಬಿದ ಮೇಲೆ ಅದರ ಪ್ಯಾನ್ ಒಪ್ಪಿಸಿ. ಮಾಲು, ಸಾಮಾನು ಪಾಲುದಾರರಿಗೆ ಹೋದದ್ದಕ್ಕೆ ಮಾರುಕಟ್ಟೆ ಬೆಲೆಯ ಮೇಲೆ ಫರ್ಮಿಗೆ ತೆರಿಗೆ ಬೀಳಬಹುದು, ಅದನ್ನು ಆಡಿಟರರು ಪಟ್ಟಿ 4 ಅಂತಿಮವಾಗುವ ಮುಂಚೆ ನೋಡಲಿ.

ಬ್ಯಾಂಕ್ ಖಾತೆಯನ್ನು ವಿಸರ್ಜನೆಯ ಮರುದಿನವೇ ‘ಇಬ್ಬರ ಸಹಿ ಇದ್ದರೆ ಮಾತ್ರ ಹಣ ಕೊಡುವುದು’ ಎಂದು ಬದಲಿಸಲು ಪತ್ರ ಕೊಡಿ. ಹಳೆಯ ಚೆಕ್ಕುಗಳೆಲ್ಲ ಪಾಸಾಗಿ, ಆ ತಿಂಗಳ ಜಿಎಸ್‌ಟಿ ಕಟ್ಟಿದ ಮೇಲೆ ಮುಚ್ಚಿ. ಕೌಂಟರಿನ ಮೇಲಿನ ಕ್ಯೂಆರ್ ಕೋಡ್ ಮರೆಯಬೇಡಿ: ಹೊಸ ಖಾತೆಯದು ಬರುವವರೆಗೆ ಹಳೆಯದನ್ನು ಕಿತ್ತಿಡಿ, ಇಲ್ಲದಿದ್ದರೆ ಉಳಿಯುವವರ ಹೊಸ ವ್ಯಾಪಾರದ ದುಡ್ಡು ದಿನಾ ಹಳೆಯ ಫರ್ಮಿನ ಖಾತೆಗೆ ಬಿದ್ದು ಎರಡರ ಲೆಕ್ಕವೂ ಕಲಸಿಹೋಗುತ್ತದೆ. ಉಳಿದ ಚೆಕ್ ಹಾಳೆಗಳಿಗೆ ಅಡ್ಡಗೀಟು ಎಳೆದು ಬ್ಯಾಂಕಿಗೆ ವಾಪಸ್ ಮಾಡಿ; ಹಳೆಯ ಬಿಲ್ ಪುಸ್ತಕದ ಖಾಲಿ ಹಾಳೆಗಳನ್ನು ಇಬ್ಬರ ಮುಂದೆ ಹರಿದು, ಫರ್ಮಿನ ರಬ್ಬರ್ ಸೀಲನ್ನು ಕತ್ತರಿಸಿ. ಬಾಡಿಗೆ ಕರಾರು, ಜೆಸ್ಕಾಂ ಮೀಟರ್, ಪಾಲಿಕೆ ಅಥವಾ ಪುರಸಭೆಯ ವ್ಯಾಪಾರ ಪರವಾನಗಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಇವನ್ನು ಉಳಿಯುವವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಮಳಿಗೆ ಮಾಲೀಕರಿಂದ ‘ಡಿಪಾಸಿಟ್ 2,00,000 ಇನ್ನು ಇವರೊಬ್ಬರದೇ’ ಎಂಬ ಬರಹ ಪಡೆಯುವಾಗ ಹಳೆಯ ರಸೀದಿ ಕೇಳುತ್ತಾರೆ. ಅದು ಹೊರಡುವವರ ಕಪಾಟಿನಲ್ಲಿ ಉಳಿದುಬಿಟ್ಟಿರುತ್ತದೆ, ಸಹಿಯ ದಿನವೇ ಕೇಳಿ ಪಡೆಯಿರಿ.